‘ದುಡ್ಡು ಕಟ್ ಆಗಿದೆ, ವಾಪಸ್ ಹಾಕಿ’ ಅಂದರೆ ಸಾಕೇ?

ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಜೂನ್ 3ರ ಸಂಜೆ ಪೇಟೆಯ ಎಟಿಎಂನಲ್ಲಿ 5,000 ರೂಪಾಯಿ ತೆಗೆಯಲು ಹೋದರು. ಮಷೀನು ಗರಗರ ಅಂತು, ನೋಟು ಬರಲಿಲ್ಲ. ಆದರೆ ಖಾತೆಯಿಂದ ಹಣ ಹೋಗಿದೆ ಅಂತ ಮೊಬೈಲಿಗೆ ಮೆಸೇಜು ಬಂತು. ಮರುದಿನ ಅವರ ಮಗ ಬ್ಯಾಂಕಿಗೆ ಇ-ಮೇಲ್ ಹಾಕಿದ: ‘ಸರ್, ನಮ್ಮ ತಂದೆಯ ಅಕೌಂಟಿನಿಂದ ದುಡ್ಡು ಕಟ್ ಆಗಿದೆ, ದಯವಿಟ್ಟು ವಾಪಸ್ ಹಾಕಿ.’ ಅಷ್ಟೇ.

‘ವಿವರ ಕಳಿಸಿ’ ಎಂದು ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಬಂದ ಉತ್ತರವನ್ನು ಮನೆಯಲ್ಲಿ ಯಾರೂ ತೆರೆದು ನೋಡಲಿಲ್ಲ. ಜೂನ್ 21ಕ್ಕೆ ದೊಡ್ಡಪ್ಪ ಪಾಸ್‌ಬುಕ್ ಹಿಡಿದು ನನ್ನ ಹತ್ತಿರ ಬಂದರು. ನೋಡಿದರೆ ಅದರಲ್ಲಿ ಕಟ್ ಆದದ್ದು ಒಂದಲ್ಲ: ವಿಮೆಯ ಕಂತು 436 ರೂಪಾಯಿ, ಎಸ್‌ಎಂಎಸ್ ಶುಲ್ಕ, ಎಟಿಎಂನ ಎರಡು ಸಾಲು. ‘ದುಡ್ಡು ಕಟ್ ಆಗಿದೆ’ ಅಂದರೆ ಇದರಲ್ಲಿ ಯಾವುದು?

ಇಂಥ ದೂರು ಬಂದಾಗ ಬ್ಯಾಂಕಿನವರು ಆ ಹೊತ್ತಿನ ಮಷೀನಿನ ದಾಖಲೆ ತೆಗೆದು, ಒಳಗೆ ನಗದು ಹೆಚ್ಚಾಗಿ ಉಳಿದಿದೆಯೇ ಎಂದು ತಾಳೆ ನೋಡುತ್ತಾರೆ. ದಿನಾಂಕ, ಮೊತ್ತ, ಸ್ಲಿಪ್ಪಿನ ಅಥವಾ ಮೆಸೇಜಿನ ರೆಫರೆನ್ಸ್ ನಂಬರ್ ಇಲ್ಲದೆ ಅದನ್ನು ಹುಡುಕುವುದು ಎಲ್ಲಿ? ಅವತ್ತೇ ಹೀಗೆ ಬರೆದು ಕಳಿಸಿದೆವು:

‘ಜೂನ್ 3, ಸಂಜೆ 6.10. ಬಸ್ ಸ್ಟ್ಯಾಂಡ್ ಎದುರಿನ ಎಟಿಎಂ. 5,000 ರೂಪಾಯಿ ಕಟ್ ಆಗಿದೆ, ನೋಟು ಬಂದಿಲ್ಲ. ಮೆಸೇಜಿನಲ್ಲಿರುವ ರೆಫರೆನ್ಸ್ ನಂಬರ್ ಇದು. ಖಾತೆಯ ಕೊನೆಯ ನಾಲ್ಕು ಅಂಕಿ ಇವು. ದೂರಿನ ನಂಬರ್ ಕೊಡಿ.’

ಪಿನ್, ಒಟಿಪಿ, ಕಾರ್ಡಿನ ಪೂರ್ತಿ ನಂಬರ್ ಬರೆಯಲಿಲ್ಲ. ಅವನ್ನು ಯಾರು ಕೇಳಿದರೂ ಕೊಡಬಾರದು.

ಜೂನ್ 28ಕ್ಕೆ 5,000 ಖಾತೆಗೆ ಬಂತು. ದೊಡ್ಡಪ್ಪನಿಗೆ ಅಷ್ಟೇ ಸಾಕಾಗಿತ್ತು, ಆದರೆ ಲೆಕ್ಕ ಮುಗಿದಿರಲಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ನೋಟು ಬಾರದ ಎಟಿಎಂ ಹಣವನ್ನು ಐದು ದಿನದೊಳಗೆ ಬ್ಯಾಂಕೇ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗಡುವು ಜೂನ್ 8ಕ್ಕೆ ಮುಗಿದಿತ್ತು. ಅಲ್ಲಿಂದ 28ರವರೆಗೆ 20 ದಿನ, ಅಂದರೆ 2,000 ರೂಪಾಯಿ. ದಿನಾಂಕ ಬರೆದಿದ್ದರಿಂದಲೇ ಇದನ್ನು ಕೇಳಲು ಆಯಿತು, ಕೇಳಿದ ಮೇಲೆ ಅದೂ ಬಂತು.

ತಪ್ಪೆಲ್ಲ ದೊಡ್ಡಪ್ಪನ ಮಗನದು ಅಂತ ನಾನು ಹೇಳುವುದಿಲ್ಲ. ದೂರು ಕೊಡದಿದ್ದರೂ ಹಣ ತಾನಾಗಿ ವಾಪಸ್ ಬರಬೇಕೆಂಬುದೇ ನಿಯಮ. ಹಳ್ಳಿಯ ಗ್ರಾಹಕನಿಗೆ ಕನ್ನಡದಲ್ಲಿ ‘ಯಾವ ದಿನ, ಎಷ್ಟು ಹಣ?’ ಎಂದು ಕೇಳಲು ಬ್ಯಾಂಕಿಗೆ ಏನು ಕಷ್ಟ? ಆದರೆ ವಿವರವಿಲ್ಲದ ಪತ್ರ ಅವರಿಗೆ ಸುಮ್ಮನಿರಲು ನೆಪ ಕೊಡುತ್ತದೆ. 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಬೇಕಾಗುವುದು ಇದೇ ದಿನಾಂಕ, ಇದೇ ಮೊತ್ತ. ಹಾಗಾಗಿ ಹಣ ಕಟ್ ಆದ ಮೆಸೇಜನ್ನು ಅಳಿಸಬೇಡಿ, ಸ್ಲಿಪ್ಪು ಬಂದರೆ ಅಲ್ಲೇ ಎಸೆದು ಬರಬೇಡಿ.