‘ನಿಲ್’ ಅಂದರೆ ನಿರಾಳವೇ?

ಇ.ಸಿ. ತೋರಿಸಿ ‘ಏನೂ ಇಲ್ಲ’ ಅನ್ನೋ ದಲ್ಲಾಳಿಯನ್ನು ಓದಿದ ನಾವು ನಂಬಬೇಕಿಲ್ಲ. ಋಣಭಾರ ಪತ್ರ ಹೇಳೋದು ಇಷ್ಟೇ: ಕೇಳಿದ ಅವಧಿಯಲ್ಲಿ ಸಬ್ ರಿಜಿಸ್ಟ್ರಾರ್ ಪುಸ್ತಕಕ್ಕೆ ಪತ್ರಗಳು ಸೇರಿವೆಯೋ ಇಲ್ಲವೋ. ಸೇರಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16.

ನಮ್ಮವರಿಗೆ 1972ರಲ್ಲಿ ಸರ್ಕಾರ ಮಂಜೂರು ಮಾಡಿದ ಎರಡೆಕರೆ 1986ರಲ್ಲಿ ಕ್ರಯವಾಗಿದೆ ಅನ್ನಿ. 2004ರಿಂದ ಹುಡುಕಿಸಿದರೆ ನಮೂನೆ 16 ಬರುತ್ತೆ. ಸುಳ್ಳಲ್ಲ; ಕ್ರಯ ಅವಧಿಯ ಆಚೆ ಕೂತಿದೆ, ಅಷ್ಟೇ. ಅರ್ಜಿಯಲ್ಲಿ 1972ರಿಂದ ಇವತ್ತಿನವರೆಗೆ ಅಂತ ಬರೆಯೋಣ, ಹಳೆಯದನ್ನು ಕಚೇರಿ ಪುಸ್ತಕದಲ್ಲೇ ಹುಡುಕಿಸೋಣ. ಆಗ ನಮೂನೆ 15ರಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು, ತಾರೀಖು, ದಸ್ತಾವೇಜು ನಂಬರು ಸಿಗುತ್ತೆ. ಆ ನಂಬರು ಹಿಡಿದು ಕ್ರಯಪತ್ರದ ನಕಲು ತೆಗೆಸಬೇಕು: ಸರ್ಕಾರದ ಅನುಮತಿ ಇಲ್ಲದೆ ಆದ ಇಂಥ ಕ್ರಯ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅಸಿಂಧು. ಸಾಹುಕಾರನ ಪೆಟ್ಟಿಗೆಯೊಳಗಿನ, ರಿಜಿಸ್ಟರ್ ಆಗದ ಅಗ್ರಿಮೆಂಟು ಮಾತ್ರ ಯಾವ ಇ.ಸಿ.ಯಲ್ಲೂ ಕಾಣಲ್ಲ.