ಸ್ಟಾರ್ ಸರಾಸರಿಯೇ ಸಾಕು ಎನ್ನುವವರಿಗೆ

ಗ್ರಾಹಕರ ವಿಮರ್ಶೆಗಳನ್ನು ಸೋಸಿ, ಸರಕಿನ ಪುಟದಲ್ಲಿ ಗುಣ, ದೂರು, ತೀರ್ಪು ಎಂದು ಬರೆಯುವ ಕೆಲಸವೇ ಬೇಡ ಎನ್ನುವವರಿದ್ದಾರೆ. ಅವರ ಮೊದಲ ವಾದ: ಸ್ಟಾರ್ ಸರಾಸರಿ ಇದೆಯಲ್ಲ, ಇನ್ನೇನು ಬೇಕು?

ಒಂದು ಮಿಕ್ಸಿಗೆ 400 ವಿಮರ್ಶೆಗಳು ಬಂದಿವೆ, ಸರಾಸರಿ 4.1 ಎಂದಿಟ್ಟುಕೊಳ್ಳಿ. ಐದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಬರೆದಿರುವುದು ‘ನಿನ್ನೆ ಬಂತು, ನೋಡೋಕೆ ಚೆನ್ನಾಗಿದೆ’ ಎಂದು. ಒಂದು ಸ್ಟಾರ್ ಕೊಟ್ಟ ಹಲವರ ಸಿಟ್ಟು ಮಿಕ್ಸಿಯ ಮೇಲಲ್ಲ, ತಡವಾಗಿ ತಂದುಕೊಟ್ಟವರ ಮೇಲೆ. ಈ ಎರಡನ್ನೂ ಕಲಸಿದ ಅಂಕಿಯಿಂದ ಉದ್ದಿನಬೇಳೆ ನುಣ್ಣಗಾಗುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಎರಡನೆಯ ವಾದ ಇದಕ್ಕಿಂತ ಗಟ್ಟಿ. ಜಾರ್ ಕೆಳಗಿನ ಕಪ್ಲರ್ ಸವೆಯಿತೆಂದು ಬರೆದವರು 14 ಜನ. 400ರಲ್ಲಿ ಅದು ಶೇಕಡಾ 3.5, ಅದನ್ನು ಎತ್ತಿ ಹೇಳುವುದು ಅನ್ಯಾಯ ಎನ್ನುತ್ತಾರೆ. ಲೆಕ್ಕ ಸರಿ, ಭಾಗಿಸಿದ ಸಂಖ್ಯೆ ತಪ್ಪು. ಕಪ್ಲರ್ ಸವೆಯಲು ತಿಂಗಳುಗಳು ಬೇಕು. ನಿನ್ನೆ ಡಬ್ಬ ಬಿಚ್ಚಿದವರಿಗೆ ಅದು ಗೊತ್ತಾಗುವ ಮಾತೇ ಇಲ್ಲ. ‘ಐದು ತಿಂಗಳಾಯ್ತು’, ‘ದೀಪಾವಳಿಗೆ ತಗೊಂಡಿದ್ದು’ ಎಂದು ಬಳಕೆಯ ಅವಧಿ ಹೇಳಿದ ವಿಮರ್ಶೆಗಳನ್ನು ಬೇರೆ ಮಾಡಿದಾಗ ಸಿಕ್ಕಿದ್ದು 50 ಎನ್ನೋಣ. ಆಗ ಆ 14 ಜನ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪಾಲಾಗುತ್ತಾರೆ. ಹಾಗೆಂದು ‘ಶೇಕಡಾ 28 ಮಿಕ್ಸಿಗಳು ಕೆಡುತ್ತವೆ’ ಎಂದು ಬರೆಯಕೂಡದು. ತಿಂಗಳುಗಳ ನಂತರ ಮತ್ತೆ ಬಂದು ಬರೆಯುವವರಲ್ಲಿ ತೊಂದರೆ ಕಂಡವರೇ ಜಾಸ್ತಿ. ಬರೆಯಬೇಕಾದದ್ದು ಇಷ್ಟು: ‘ತಿಂಗಳುಗಟ್ಟಲೆ ಬಳಸಿ ಬರೆದ 50 ಜನರಲ್ಲಿ 14 ಮಂದಿ ಕಪ್ಲರ್ ಸವೆದಿದೆ ಎಂದಿದ್ದಾರೆ.’

ಒಡೆದ ಜಾರ್, ತಡವಾದ ಡೆಲಿವರಿ ಕೂಡ ದೂರೇ ಅಲ್ಲವೇ ಎಂದು ಕೇಳುತ್ತಾರೆ. ಹೌದು, ಅವನ್ನು ಬಿಡಬಾರದು. ಪ್ಯಾಕಿಂಗ್ ಮತ್ತು ಸಾಗಣೆ ಎಂದು ಬೇರೆ ಸಾಲಿನಲ್ಲಿ ಹಾಕಿದರಾಯಿತು. 500 ಮತ್ತು 750 ವ್ಯಾಟ್ ಮಾದರಿಗಳ ವಿಮರ್ಶೆಗಳು ಒಂದೇ ಪುಟದಲ್ಲಿ ಸೇರಿಹೋಗಿದ್ದರೆ ಮಾತ್ರ ಮೊದಲು ಅವನ್ನು ಬಿಡಿಸಲೇಬೇಕು. ಇಲ್ಲದಿದ್ದರೆ ಒಂದರ ‘ಮೋಟಾರ್ ಬಿಸಿಯಾಗುತ್ತದೆ’ ಎಂಬ ದೂರು ಇನ್ನೊಂದರ ತಲೆಗೆ ಬರುತ್ತದೆ.

ಕೊನೆಯ ವಾದ ಮಾರಾಟಗಾರರದು: ದೂರನ್ನು ನಾವೇ ಬರೆದರೆ ಕೊಳ್ಳುವವರು ಓಡಿಹೋಗುತ್ತಾರೆ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ IS 19000 ಎಂಬ ಮಾನದಂಡ ತಂದಿದೆ. ನಿಖರತೆ, ಪಾರದರ್ಶಕತೆ ಅದರ ತತ್ವಗಳಲ್ಲಿ ಸೇರಿವೆ. ಅದು ಪಕ್ಕಕ್ಕಿರಲಿ. ದಿನವೂ ದೋಸೆಹಿಟ್ಟು ರುಬ್ಬುವ ಮನೆಗೆ ಈ ಮಿಕ್ಸಿ ಹೋದರೆ ಅದು ವಾಪಸಾಗಿ ಬರುತ್ತದೆ, ಜೊತೆಗೆ ಇನ್ನೊಂದು ಒಂದು ಸ್ಟಾರ್ ತರುತ್ತದೆ. ಆದ್ದರಿಂದ ಈ ಮಿಕ್ಸಿಯ ತೀರ್ಪು ಹೀಗಿರಬೇಕು: ‘ಚಟ್ನಿ, ಮಸಾಲೆ ನುಣ್ಣಗಾಗುತ್ತದೆ, ಸದ್ದು ಜೋರು. ಸಣ್ಣ ಸಂಸಾರಕ್ಕೆ ಸಾಕು. ದಿನವೂ ಹಿಟ್ಟು ರುಬ್ಬುವವರು ಬೇರೆ ನೋಡಿ.’ ಇದನ್ನು ಹಾಕಲು ಹಿಂಜರಿಯುವ ಮಾರಾಟಗಾರರು, ದಯವಿಟ್ಟು ಒಮ್ಮೆ ತಮ್ಮ ವಾಪಸಾತಿ ಪಟ್ಟಿಯಲ್ಲಿ ಬರೆದಿರುವ ಕಾರಣಗಳನ್ನು ಓದಲಿ.