ತಾರೀಖು ಗೊತ್ತು ಮಾಡುವ ಮೊದಲು 'ಯಾವತ್ತು ಆಗಲ್ಲ' ಎಂದು ಕೇಳಿ

ಡಿಸೆಂಬರಿನ ಒಂದು ಭಾನುವಾರ ಬೋನಾಳ ಕೆರೆಗೆ ಹೋಗಬೇಕೆಂದು ನಾವು ಎಂಟು ಜನ ಗೆಳೆಯರು ನಿರ್ಧರಿಸಿದ್ದೆವು. ಚಳಿಗಾಲಕ್ಕೆ ಅಲ್ಲಿ ಹೊರದೇಶದ ಹಕ್ಕಿಗಳು ಬಂದಿರುತ್ತವೆ. ಸುರಪುರ ದಾಟಿದರೆ ಆಯಿತು, ದೂರದ ಮಾತೇನಲ್ಲ. ದೂರವಾಗಿದ್ದು ತಾರೀಖು. ಹೋಗುವುದು ಗಟ್ಟಿಯಾದ ಮೇಲೆ ದಿನ ಗಟ್ಟಿಯಾಗಲು ಹದಿನೈದು ದಿನ ಹಿಡಿಯಿತು. ನಡುವೆ ಒಬ್ಬ ಗೆಳೆಯ ನಾಲ್ಕು ದಿನ ನಮ್ಮ ಜೊತೆ ಮಾತು ಬಿಟ್ಟಿದ್ದ. ತಪ್ಪು ನನ್ನದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ವಾಟ್ಸಾಪ್ ಗುಂಪಿನಲ್ಲಿ "ಯಾವಾಗ ಹೋಗೋಣ?" ಎಂದು ಕೇಳಿದೆ. ಉತ್ತರ ಹೇಗೆ ಬಂದಿರುತ್ತವೆ ಎಂದು ನಿಮಗೂ ಗೊತ್ತು. "ನಂದೇನಿಲ್ಲ, ನೀವ್ ಹೇಳಿದಂಗ." "ಯಾವತ್ತಾದ್ರೂ ನಡೀತದ." ಒಬ್ಬ ಹೆಬ್ಬೆರಳು ತೋರಿಸಿದ. ಒಬ್ಬ ಊಟಕ್ಕೆ ಬಿರಿಯಾನಿಯೋ ಪಲಾವೋ ಎಂದು ಕೇಳಿದ, ಮುಂದಿನ ನಲವತ್ತು ಸಂದೇಶ ಅದರ ಮೇಲೆಯೇ ನಡೆದವು. ದಿನದ ಮಾತು ಅಲ್ಲೇ ಮುಳುಗಿತು. ಇಂಥ ಪ್ರಶ್ನೆಗೆ ಉತ್ತರಿಸಬೇಕೆಂದರೆ ಇಡೀ ತಿಂಗಳನ್ನು ತಲೆಯಲ್ಲಿ ತಿರುವಿ ಹಾಕಿ, ಒಂದು ದಿನ ಆರಿಸಿ, ಅದರ ಹೊಣೆಯನ್ನೂ ಹೊರಬೇಕು. ಅಷ್ಟು ಕಷ್ಟ ಯಾರಿಗೆ ಬೇಕು? ಅದಕ್ಕೇ ಎಲ್ಲರೂ ಮರ್ಯಾದೆಯಿಂದ ಭಾರವನ್ನು ಪಕ್ಕದವನ ಹೆಗಲಿಗೆ ದಾಟಿಸಿದರು.

ಬೇಸತ್ತು ಒಂದು ಮಧ್ಯಾಹ್ನ ಪೋಲ್ ಹಾಕಿದೆ. ನಾಲ್ಕು ಭಾನುವಾರ: 7, 14, 21, 28. ಪೋಲ್ ಮಾಡುವಾಗ ಕೆಳಗೆ `Allow multiple answers` ಎಂದು ಒಂದು ಗುಂಡಿ ಇರುತ್ತದೆ. ಒಬ್ಬರಿಗೆ ಒಂದೇ ಮತ ಇರಲಿ, ಬೇಗ ಮುಗಿಯುತ್ತದೆ ಎಂದು ಅದನ್ನು ಆಫ್ ಮಾಡಿದೆ. ಒಂದು ತಾಸಿನಲ್ಲಿ ಏಳು ಮತ ಬಿದ್ದವು. 7ಕ್ಕೆ ಮೂರು, 14ಕ್ಕೆ ಎರಡು, 21ಕ್ಕೆ ಎರಡು, 28ಕ್ಕೆ ಯಾರೂ ಇಲ್ಲ. 7ನೇ ತಾರೀಖು ಗೆದ್ದಿತು ಎಂದು ಬರೆದು, ಕ್ರೂಸರ್ ಗಾಡಿಯವರಿಗೂ ಹೇಳಿಬಿಟ್ಟೆ.

ರಾಜ್ಯಶಾಸ್ತ್ರ ಓದುವವರು ಇಲ್ಲಿ ನಗಬಹುದು. ಅತಿ ಹೆಚ್ಚು ಮತ ಪಡೆದವರು ಅರ್ಧಕ್ಕಿಂತ ಕಡಿಮೆ ಮತದಲ್ಲೂ ಗೆಲ್ಲುತ್ತಾರೆ ಎಂದು ಪಾಠದಲ್ಲೇ ಇದೆ. ನಮ್ಮಲ್ಲಿ ಏಳರಲ್ಲಿ ಮೂರು ಮತ ಗೆದ್ದಿತು, ನಾಲ್ಕು ಸೋತವು. ಚುನಾವಣೆಯಲ್ಲಿ ಸೋತ ಕಡೆಯವರೂ ಅದೇ ಊರಲ್ಲಿ ಇರುತ್ತಾರೆ. ಪ್ರವಾಸದಲ್ಲಿ ಸೋತವರು ಗಾಡಿಯನ್ನೇ ಹತ್ತುವುದಿಲ್ಲ.

ಆ ರಾತ್ರಿ ಒಂದೊಂದೇ ಹೊರಬಿತ್ತು. ಸಗರದ ಗೆಳೆಯನ ಹೊಲದಲ್ಲಿ 7ರಂದು ಹತ್ತಿ ಬಿಡಿಸುವುದಿತ್ತು, ಆಳುಗಳಿಗೆ ಹೇಳಿಯಾಗಿತ್ತು. ದೋರನಹಳ್ಳಿಯವನ ಅಕ್ಕನ ನಿಶ್ಚಿತಾರ್ಥವೂ ಅವತ್ತೇ. ಗೋಗಿಯ ಗೆಳೆಯ ಮತವನ್ನೇ ಹಾಕಿರಲಿಲ್ಲ. ಅವನಿಗೆ ಸ್ವಂತ ಫೋನಿಲ್ಲ. ಅಣ್ಣ ಕೆಲಸದಿಂದ ಬಂದ ಮೇಲೆ ರಾತ್ರಿ ಅರ್ಧ ತಾಸು ಸಿಗುತ್ತದೆ. ಅವನು ನೋಡುವಷ್ಟರಲ್ಲಿ ಪೋಲ್ ಮುಗಿದು, ಗಾಡಿಯೂ ಗೊತ್ತಾಗಿತ್ತು. "ನನ್ನ ಬಿಟ್ಟೇ ಗಟ್ಟಿ ಮಾಡೀರಲ್ಲ, ಹೋಗ್ರಿ" ಎಂದು ಬರೆದ. ಮರುದಿನ ಕಾಲೇಜಿನಲ್ಲಿ ನಮ್ಮ ಬೆಂಚಿಗೆ ಬರಲಿಲ್ಲ.

ಉಳಿದವರು ಐದು ಜನ. ಗಾಡಿ ಬಾಡಿಗೆ 2,400 ರೂಪಾಯಿ. ಎಂಟು ಜನರಾಗಿದ್ದರೆ ತಲೆಗೆ 300, ಐದು ಜನರಿಗೆ 480. ಅದನ್ನು ಕೇಳಿ ಇನ್ನಿಬ್ಬರು ಹಿಂದೆ ಸರಿದರು. 7ನೇ ತಾರೀಖು ಮನೆಯಲ್ಲೇ ಕಳೆಯಿತು.

ಆಮೇಲೆ ಕೂತು ಯೋಚಿಸಿದಾಗ ತಿಳಿದದ್ದು ಇಷ್ಟು. ನನ್ನ ಪೋಲ್ ಕೇಳಿದ್ದು 'ನಿಮಗೆ ಯಾವ ದಿನ ಇಷ್ಟ' ಎಂದು. ನನಗೆ ಬೇಕಾಗಿದ್ದು 'ಯಾವ ದಿನ ಯಾರಿಗೆ ಆಗುವುದಿಲ್ಲ' ಎಂಬುದು. 21ಕ್ಕೆ ಮತ ಹಾಕಿದ ಹತ್ತಿಗೂಡೂರಿನ ಗೆಳೆಯನಿಗೆ 7 ಆದರೂ ನಡೆಯುತ್ತಿತ್ತು. ಅದೇ 21ಕ್ಕೆ ಮತ ಹಾಕಿದ ದೋರನಹಳ್ಳಿಯವನಿಗೆ 7 ಸಾಧ್ಯವೇ ಇರಲಿಲ್ಲ. ಪೋಲಿನಲ್ಲಿ ಇಬ್ಬರದೂ ಒಂದೇ ಗುರುತು. ಮತ ಹಾಕದವನು ಬರುವುದಿಲ್ಲವೋ, ನೋಡಿಲ್ಲವೋ, ಅದೂ ಪೋಲಿನಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು: ಯಾರು ಯಾವುದಕ್ಕೆ ಹಾಕಿದ್ದಾರೆ ಎಂದು ಎಲ್ಲರೂ ನೋಡಬಹುದು. 7ಕ್ಕೆ ಮೊದಲ ಮತ ನನ್ನದು, ಮುಂದಿನ ಎರಡು ಐದು ನಿಮಿಷದಲ್ಲಿ ಬಂದವು. ಅದರಲ್ಲೊಬ್ಬ ಆಮೇಲೆ "ನೀ ಹಾಕಿದ್ದಿ ಅಂತ ನಾನೂ ಹಾಕ್ದೆ" ಅಂದ. ಆರಂಭದ ಮತಗಳೆಲ್ಲ ಒಂದೇ ಕಡೆ ಸರಸರ ಬಿದ್ದರೆ ಸ್ವಲ್ಪ ಅನುಮಾನ ಪಡಬೇಕು.

ಎರಡನೇ ಸಲ ಪ್ರಶ್ನೆಯನ್ನೇ ಬದಲಿಸಿದೆ. "ಡಿಸೆಂಬರಿನ ಉಳಿದ ಭಾನುವಾರಗಳಲ್ಲಿ ನಿಮಗೆ ಸುತಾರಾಂ ಆಗದ ದಿನ ಯಾವುದು, ಯಾಕೆ? ನಾಳೆ ರಾತ್ರಿ ಇಶಾ ತನಕ ಹೇಳಿ." ಗೋಗಿಯ ಗೆಳೆಯನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಬಾಯಿಂದಲೇ ಕೇಳಿದೆ, ಮೊದಲು ಮಾಫಿ ಕೇಳಿ.

ಈ ಸಲ ಯಾರೂ "ನೀವ್ ಹೇಳಿದಂಗ" ಅನ್ನಲಿಲ್ಲ. ತನಗೆ ಆಗದ ದಿನ ಯಾರಿಗೂ ನೆನಪಿರುತ್ತದೆ, ಹೇಳಲು ಸಂಕೋಚವೂ ಇಲ್ಲ. 28ಕ್ಕೆ ಮೂವರು ಬೇಡ ಅಂದರು, 21ಕ್ಕೆ ಇಬ್ಬರು. 14ಕ್ಕೆ ಒಬ್ಬನೇ ಆಗುವುದಿಲ್ಲ ಅಂದ: "ಅವತ್ತ ಕೋಚಿಂಗ್ ಟೆಸ್ಟ್ ಅದ, ಹನ್ನೆರಡಕ್ಕ ಮುಗೀತದ." ಗೋಗಿಯವನು "14 ನಡೀತದ, ಆದ್ರ ವಾಪಸ್ ಬರೋದ್ರಾಗ ಊರಿನ ಬಸ್ ಇರಂಗಿಲ್ಲ" ಅಂದ. ಇವೆರಡು ಮಾತಿನಿಂದಲೇ ಕೆಲಸ ಮುಗಿಯಿತು. ಬೆಳಿಗ್ಗೆ ಎಂಟಕ್ಕೆ ಹೊರಡುವ ಬದಲು ಮಧ್ಯಾಹ್ನ ಒಂದಕ್ಕೆ ಹೊರಟರೆ ಟೆಸ್ಟಿನವನೂ ಬರುತ್ತಾನೆ. ವಾಪಸ್ ಬರುವಾಗ ಗಾಡಿ ಗೋಗಿಯವರೆಗೂ ಹೋಗಲಿ ಎಂದು ಮಾತಾಡಿದೆವು, ಅದಕ್ಕೆ 200 ರೂಪಾಯಿ ಹೆಚ್ಚಾಯಿತು. ತಲೆಗೆ 325. ಪೋಲಿನಲ್ಲಿ 'ಆದ್ರ' ಎಂದು ಬರೆಯಲು ಜಾಗವಿಲ್ಲ. ಬೆಳಿಗ್ಗೆಯ ಬದಲು ಮಧ್ಯಾಹ್ನ ಹೊರಡಬಹುದು ಎಂಬುದು ನಾನು ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಇರಲೇ ಇಲ್ಲ.

ಕೊನೆಗೆ ಮತ್ತೆ ಪೋಲ್ ಹಾಕಿದೆ, ಎರಡೇ ಸಾಲು: '14, ಮಧ್ಯಾಹ್ನ 1' ಮತ್ತು '21, ಬೆಳಿಗ್ಗೆ 8'. ಈ ಸಲ ಗುಂಡಿ ಆನ್. ಆಗುವ ದಿನಗಳಿಗೆಲ್ಲ ಮತ ಹಾಕಿ ಎಂದು ಮೇಲೆ ಬರೆದೆ. 14ಕ್ಕೆ ಎಂಟು, 21ಕ್ಕೆ ಆರು. ಗೋಗಿಯವನ ಮತ ರಾತ್ರಿ ಒಂಬತ್ತೂವರೆಗೆ ಬಂತು, ಅಲ್ಲಿವರೆಗೆ ಗಾಡಿಯವರಿಗೆ ಫೋನ್ ಮಾಡಲಿಲ್ಲ.

ನಮ್ಮಲ್ಲೇ ಒಬ್ಬ ಇದನ್ನು ಒಪ್ಪುವುದಿಲ್ಲ. "ಇಷ್ಟೆಲ್ಲಾ ಕೇಳೋದ್ಯಾಕ್ ಭಾಯ್, ಪೋಲ್ ಹಾಕು, ಬರೋರ್ ಬರ್ತಾರ" ಅನ್ನುತ್ತಾನೆ. ದೊಡ್ಡ ಗುಂಪಿಗೆ ಅವನ ಮಾತು ಸರಿ. ಅರವತ್ತು ಜನರನ್ನು ಕಾರಣ ಕೇಳುತ್ತಾ ಹೋದರೆ ಅರವತ್ತು ಕಥೆ ಬರುತ್ತವೆ, ಎಲ್ಲರಿಗೂ ಆಗುವ ದಿನ ಸಿಗುವುದೂ ಇಲ್ಲ. ಅಲ್ಲಿ ನೇರ ಪೋಲೇ ಸರಿ, ಆದರೆ ಒಬ್ಬರು ಎಷ್ಟು ದಿನಕ್ಕಾದರೂ ಮತ ಹಾಕುವಂತಿರಲಿ. ಎಂಟು ಜನರಲ್ಲಿ ಒಬ್ಬ ಬಿಟ್ಟುಹೋದರೆ ಹಾಗಲ್ಲ. ಗಾಡಿಯಲ್ಲಿ ಅವನ ಜಾಗ ಖಾಲಿ ಕಾಣುತ್ತದೆ.

ಮುಂದಿನ ವಾರ ನಮ್ಮ ವಿಭಾಗದ ಬೀಳ್ಕೊಡುಗೆಗೆ ದಿನ ಗೊತ್ತು ಮಾಡಬೇಕು. ಪೋಲ್ ಹಾಕುವ ಕೆಲಸ ಮತ್ತೆ ನನಗೇ ಬಂದಿದೆ. ಸ್ವಂತ ಫೋನಿಲ್ಲದವರು ನಮ್ಮ ತರಗತಿಯಲ್ಲಿ ಆರು ಜನ ಇದ್ದಾರೆ. ಅವರನ್ನು ನಾಳೆ ಮಧ್ಯಾಹ್ನದ ಬಿಡುವಿನಲ್ಲಿ ಕೇಳುತ್ತೇನೆ, ಪೋಲ್ ಆಮೇಲೆ.